ಏರಿದ್ದು ಏರುತ್ತಲೇ ಇರುತ್ತದೆಯೇ? ಅಗ್ಗದ್ದು ಯಾಕೆ ಅಗ್ಗ?

ಕಳೆದ ಶುಕ್ರವಾರ ಸಾಲ್ಮಿಯಾದಲ್ಲಿ ಊಟಕ್ಕೆ ಕೂತಾಗ ಉಡುಪಿ ಕಡೆಯ ಗೆಳೆಯರೊಬ್ಬರು ಕೇಳಿದರು: "ಮಾರಾಯ್ರೇ, ಊರಿನ ಮ್ಯೂಚುವಲ್ ಫಂಡಿನಲ್ಲಿ ಮೊಮೆಂಟಮ್ ಅಂತ ಒಂದು, ವ್ಯಾಲ್ಯೂ ಅಂತ ಇನ್ನೊಂದು. ಒಂದು ಏರಿದ್ದನ್ನು ಕೊಳ್ಳುತ್ತೆ, ಇನ್ನೊಂದು ಅಗ್ಗವಾದದ್ದನ್ನು. ಎರಡೂ ಹೇಗೆ ಸರಿ?"

ಒಳ್ಳೆಯ ಪ್ರಶ್ನೆ. ಮಾರುಕಟ್ಟೆ ದಕ್ಷವಾಗಿದ್ದರೆ, ಅಂದರೆ ಗೊತ್ತಿರುವ ಮಾಹಿತಿಯೆಲ್ಲ ಆಗಲೇ ಬೆಲೆಯಲ್ಲಿ ಸೇರಿದ್ದರೆ, ಎಲ್ಲರಿಗೂ ಕಾಣುವ ಹಳೆಯ ಬೆಲೆ ನೋಡಿ ಹೆಚ್ಚು ಲಾಭ ಮಾಡಲು ಆಗಬಾರದು. ಆದರೂ 1993ರಲ್ಲಿ ಜೆಗದೀಶ್ ಮತ್ತು ಟಿಟ್ಮನ್ ಅಮೆರಿಕದ 1965ರಿಂದ 1989ರವರೆಗಿನ ಲೆಕ್ಕ ತೆಗೆದಾಗ, ಹಿಂದಿನ ಆರು ತಿಂಗಳಲ್ಲಿ ಚೆನ್ನಾಗಿ ಏರಿದ ಷೇರುಗಳನ್ನು ಕೊಂಡು, ಬಿದ್ದವನ್ನು ಮಾರಿ, ಆರು ತಿಂಗಳು ಇಟ್ಟುಕೊಂಡವರಿಗೆ ವರ್ಷಕ್ಕೆ ಸರಾಸರಿ 12 ಶೇಕಡಾದಷ್ಟು ಹೆಚ್ಚುವರಿ ಲಾಭ ಕಂಡಿತು. ಅದಕ್ಕೆ ಒಂದು ವರ್ಷ ಮೊದಲು ಫಾಮಾ ಮತ್ತು ಫ್ರೆಂಚ್, ಪುಸ್ತಕ ಮೌಲ್ಯಕ್ಕೆ ಹೋಲಿಸಿದರೆ ಅಗ್ಗವಾದ ಷೇರುಗಳು ದುಬಾರಿ ಷೇರುಗಳಿಗಿಂತ ಹೆಚ್ಚು ಕೊಟ್ಟಿವೆ ಎಂದು ತೋರಿಸಿದ್ದರು.

ಹಾಗಾದರೆ ಮಾರುಕಟ್ಟೆ ತಪ್ಪು ಮಾಡುತ್ತಿದೆಯೇ? ಅಷ್ಟು ಸುಲಭವಾಗಿ ಹೇಳಲಾಗದು. ಒಂದು ಸಣ್ಣ ಲೆಕ್ಕ ನೋಡಿ.

ಒಂದು ಕಂಪನಿ ಪ್ರತಿ ವರ್ಷ ಸರಾಸರಿ 10 ದಿನಾರ್ ಕೊಡುತ್ತದೆ ಎಂದುಕೊಳ್ಳೋಣ. ಜನ 10 ಶೇಕಡಾ ಪ್ರತಿಫಲ ಬಯಸಿದರೆ ಬೆಲೆ 100 ದಿನಾರ್ ಆಗಬೇಕು. ಆದರೆ ಅದು 80ಕ್ಕೆ ಸಿಗುತ್ತಿದೆ. ಕಾರಣ ಎರಡಿರಬಹುದು. ಒಂದು, ಆರ್ಥಿಕ ಹಿಂಜರಿತ ಬಂದಾಗ ಈ ಕಂಪನಿ ಮೊದಲು ನರಳುತ್ತದೆ, ನಮ್ಮ ಕೆಲಸ ಹೋಗುವ ಹೊತ್ತಿಗೇ ಇದೂ ಬೀಳುತ್ತದೆ. ಅದಕ್ಕೆ ಜನ 12.5 ಶೇಕಡಾ ಕೇಳುತ್ತಾರೆ. ಎರಡು, ಜನ ಸುಮ್ಮನೆ ನಿರಾಶರಾಗಿ ಇದು ವರ್ಷಕ್ಕೆ 8 ದಿನಾರ್ ಮಾತ್ರ ಕೊಡುತ್ತದೆ ಎಂದು ತಪ್ಪು ತಿಳಿದಿದ್ದಾರೆ. ಎರಡರಲ್ಲೂ ಬೆಲೆ 80, ಕೊಂಡವನಿಗೆ ಸಿಗುವುದು 12.5 ಶೇಕಡಾ. ಬರೀ ಲಾಭ ನೋಡಿ ಅದು ಅಪಾಯದ ಕೂಲಿಯೋ ಇತರರ ತಪ್ಪಿನ ಫಲವೋ ಹೇಳಲಾಗದು. ದಕ್ಷತೆಯನ್ನು ಪರೀಕ್ಷಿಸಲು ಹೊರಟರೆ, ಅಪಾಯಕ್ಕೆ ಎಷ್ಟು ಕೂಲಿ ನ್ಯಾಯ ಎಂಬ ನಮ್ಮ ಊಹೆಯೂ ಜೊತೆಗೇ ಪರೀಕ್ಷೆಗೆ ಬರುತ್ತದೆ.

ಬೇರ್ಪಡಿಸಲು ಒಂದು ದಾರಿ, ಲಾಭ ಯಾವಾಗ ಬರುತ್ತದೆ ಎಂದು ನೋಡುವುದು. ಜನರ ತಪ್ಪೇ ಕಾರಣವಾದರೆ, ಕಂಪನಿಯ ಫಲಿತಾಂಶ ಪ್ರಕಟವಾದ ದಿನ "ಅಯ್ಯೋ, ಇದು ಅಷ್ಟು ಕೆಟ್ಟದ್ದಲ್ಲ" ಎಂದು ಬೆಲೆ ಜಿಗಿಯಬೇಕು. 1997ರ ಒಂದು ಅಧ್ಯಯನದಲ್ಲಿ ಅಗ್ಗದ ಮತ್ತು ದುಬಾರಿ ಷೇರುಗಳ ಅಂತರದ ಗಣನೀಯ ಭಾಗ ಫಲಿತಾಂಶದ ದಿನಗಳ ಸುತ್ತಲೇ ಬಂದಿತ್ತು. ಇದು ತಪ್ಪಿನ ವಾದಕ್ಕೆ ಬಲ. ಆದರೂ ಅಪಾಯದ ಪಾಲನ್ನು ಇದು ಪೂರ್ತಿ ಅಳಿಸುವುದಿಲ್ಲ.

ಮೊಮೆಂಟಮ್ ವಿಷಯದಲ್ಲಿ ಅಪಾಯದ ವಾದ ಇನ್ನೂ ಕಷ್ಟ. ಫಾಮಾ ಮತ್ತು ಫ್ರೆಂಚ್ ತಮ್ಮ ಮಾದರಿ ಇದನ್ನು ವಿವರಿಸುವುದಿಲ್ಲ ಎಂದು 1996ರಲ್ಲಿ ತಾವೇ ಒಪ್ಪಿಕೊಂಡರು. ಇಂದು ಗೆದ್ದವರ ಪಟ್ಟಿಯಲ್ಲಿರುವ ಕಂಪನಿ ಮುಂದಿನ ವರ್ಷ ಸೋತವರ ಪಟ್ಟಿಯಲ್ಲಿರಬಹುದು. ಅಪಾಯ ಅಷ್ಟು ಬೇಗ ಬದಲಾಗುತ್ತದೆಯೇ? ಮೇಲಾಗಿ, ಮೊದಲ ವರ್ಷದ ಲಾಭದ ಒಂದು ಭಾಗ ಮುಂದಿನ ಎರಡು ವರ್ಷಗಳಲ್ಲಿ ಕರಗುತ್ತದೆ. ಏರಿಕೆ ಸ್ವಲ್ಪ ಅತಿಯಾಗಿತ್ತು ಎಂಬುದರ ಸುಳಿವು ಅದು.

ಇದರ ಅತಿರೇಕ ಬೇಕಿದ್ದರೆ ನಾವಿರುವ ಊರಿನಲ್ಲೇ ಇದೆ. ಕುವೈತ್ ನಗರದ ಸೂಕ್ ಅಲ್-ಮನಾಖ್‌ನಲ್ಲಿ 1980ರ ದಶಕದ ಆರಂಭದಲ್ಲಿ ಅನಧಿಕೃತ ಷೇರುಪೇಟೆ ನಡೆಯುತ್ತಿತ್ತು. ಮುಂದಿನ ದಿನಾಂಕದ ಚೆಕ್ ಕೊಟ್ಟು ಷೇರು ಕೊಳ್ಳುತ್ತಿದ್ದರು. ಚೆಕ್ ಮೊತ್ತ ಆ ದಿನದ ಬೆಲೆಗಿಂತ ಬಹಳ ಹೆಚ್ಚು. ಬೆಲೆ ಏರುತ್ತಿರುವವರೆಗೆ ಮಾರಿ ಚೆಕ್ ತೀರಿಸಬಹುದಿತ್ತು, ಆದ್ದರಿಂದ ಏರಿಕೆಯೇ ಏರಿಕೆಗೆ ಕಾರಣವಾಯಿತು. 1982ರ ಆಗಸ್ಟ್‌ನಲ್ಲಿ ಕುಸಿದಾಗ ತೀರದೆ ಉಳಿದ ಚೆಕ್‌ಗಳ ಮುಖಬೆಲೆ ಸುಮಾರು 9,400 ಕೋಟಿ ಡಾಲರ್.

ಆದರೆ ಸೋತ ಷೇರುಗಳನ್ನು ಮಾರಿ ಕೂತವರಿಗೂ ಹೊಡೆತ ಬೀಳುತ್ತದೆ. ಅಮೆರಿಕದಲ್ಲಿ 2009ರ ಮಾರ್ಚ್‌ನಿಂದ ಮೇವರೆಗೆ ತೀರಾ ಬಿದ್ದಿದ್ದ ಷೇರುಗಳು 163 ಶೇಕಡಾ ಏರಿದವು, ಗೆದ್ದಿದ್ದವು 8 ಶೇಕಡಾ ಮಾತ್ರ. ಅಂದರೆ ತಪ್ಪಿನಿಂದ ಹುಟ್ಟಿದ ಲಾಭಕ್ಕೂ ಅಪಾಯ ಅಂಟಿಕೊಂಡಿದೆ, ಅದಕ್ಕೇ ಬುದ್ಧಿವಂತರು ಅದನ್ನು ಪೂರ್ತಿ ಅಳಿಸಿಹಾಕಿಲ್ಲ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು: ನಿಫ್ಟಿ 200 ಮೊಮೆಂಟಮ್ 30 ನೋಡುವುದು 6 ಮತ್ತು 12 ತಿಂಗಳ ಏರಿಕೆ, ಪಟ್ಟಿ ಬದಲಾಗುವುದು ವರ್ಷಕ್ಕೆ ಎರಡೇ ಸಲ. ಮಾರುಕಟ್ಟೆ ದಿಕ್ಕು ಬದಲಿಸಿದರೆ ತಿಂಗಳುಗಟ್ಟಲೆ ಹಳೆಯ ಗೆದ್ದವರ ಜೊತೆಗೇ ಇರಬೇಕಾಗುತ್ತದೆ. ವ್ಯಾಲ್ಯೂ ಆದರೋ ವರ್ಷಗಟ್ಟಲೆ ಹಿಂದೆ ಉಳಿಯಬಹುದು. ಎರಡೂ ಸೋಲುವ ಕಾಲ ಸಾಮಾನ್ಯವಾಗಿ ಬೇರೆ ಬೇರೆ, ಹಾಗಾಗಿ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡಿದ್ದೇನೆ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಲಾಭ ಅಪಾಯದ ಕೂಲಿಯೇ ಆಗಿದ್ದರೆ, ಆ ಅಪಾಯ ಬರುವ ದಿನ ನನ್ನ ಇಲ್ಲಿನ ಕೆಲಸವೂ ಹೋಗುವಂಥದ್ದೇ? ಎಣ್ಣೆ ಕಂಪನಿಯಲ್ಲಿ ಸಂಬಳ ಪಡೆಯುವವರು ಅಗ್ಗದ ಎಣ್ಣೆ ಷೇರು ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕಾದ್ದು ಇದಕ್ಕೇ.