ಮೇಲುಡುಪಿಗೊಂದು ಅಳತೆ, ಕೆಳಉಡುಪಿಗೊಂದು ಅಳತೆ

ನಮ್ಮ ತಂಗಿಯು ಕಾಲೇಜಿಗೆ ಸೇರಿದ ವರ್ಷ, ಅಂಗಡಿಯೊಂದರಲ್ಲಿ ಕುರ್ತಾ ಮತ್ತು ಪ್ಯಾಂಟುಗಳ ಜೋಡಿಯೊಂದನ್ನು ಕೊಂಡು ತಂದೆವು. ಮನೆಗೆ ಬಂದು ತೊಟ್ಟು ನೋಡಿದರೆ ಪ್ಯಾಂಟು ಸರಿಯಾಗಿತ್ತು. ಕುರ್ತಾ ಮಾತ್ರ ಯಾರದೋ ಎರವಲು ಅಂಗಿಯಂತೆ ಜೋತಾಡುತ್ತಿತ್ತು. ಹಿಂದಿರುಗಿಸಿ, ಎರಡು ಅಳತೆ ಕಡಮೆಯದನ್ನು ತಂದರೆ ಕುರ್ತಾ ಒಪ್ಪಿತು, ಪ್ಯಾಂಟು ತೊಡೆಯಿಂದ ಮೇಲಕ್ಕೆ ಏರಲೊಲ್ಲದು! "ಅಣ್ಣ, ನನ್ನ ಮೈಯೇ ಪಟ್ಟಿಗೆ ಹೊಂದುವುದಿಲ್ಲ" ಎಂದು ಅವಳು ಕಣ್ಣೀರಿಟ್ಟಳು. ತಪ್ಪು ಮೈಯದೋ ಪಟ್ಟಿಯದೋ ಎಂಬುದನ್ನು ಅಳೆದೇ ನೋಡೋಣವೆಂದು ನಾವು ಟೇಪು ಹಿಡಿದು ಕುಳಿತೆವು.

ಅಳೆಯುವ ಮೊದಲು ಒಂದು ಮಾತು. ನಾವು ಕನ್ನಡದಲ್ಲಿ 'ಸೊಂಟ' ಎಂಬ ಒಂದೇ ಪದವನ್ನು ಎರಡು ಜಾಗಗಳಿಗೆ ಬಳಸುತ್ತೇವೆ. ಅದರಿಂದ ಎಷ್ಟೋ ಅಳತೆಗಳು ಕೆಡುತ್ತವೆ. ಮುಂಡದ ಅತಿ ಸಣ್ಣ ಸುತ್ತಳತೆಯನ್ನು ಇಲ್ಲಿ 'ನಡು' ಎಂದೂ, ಅದಕ್ಕಿಂತ ಸುಮಾರು 18ರಿಂದ 20 ಸೆಂಟಿಮೀಟರ್ ಕೆಳಗೆ, ದರ್ಜಿಗಳು 'ಸೀಟು' ಎನ್ನುವ ಅತಿ ದೊಡ್ಡ ಸುತ್ತಳತೆಯನ್ನು 'ನಿತಂಬ' ಎಂದೂ ಕರೆಯೋಣ. ಇದನ್ನು ಪಾದಗಳನ್ನು ಜೋಡಿಸಿ ನಿಂತು, ಟೇಪು ಹಿಂದೆಮುಂದೆ ಒಂದೇ ಮಟ್ಟದಲ್ಲಿರುವಂತೆ ಅಳೆಯಬೇಕು. ಭುಜದ ಅಗಲವನ್ನು ಬೆನ್ನಿನ ಕಡೆಯಿಂದ, ಒಂದು ಭುಜದ ತುದಿಯಲ್ಲಿ ಬೆರಳಿಗೆ ಸಿಗುವ ಎಲುಬಿನಿಂದ ಇನ್ನೊಂದು ಭುಜದ ಎಲುಬಿನವರೆಗೆ ಅಳೆಯುವುದು. ಇದನ್ನು ತಾನೇ ಅಳೆದುಕೊಳ್ಳುವುದು ಅಸಾಧ್ಯವೆಂದೇ ಹೇಳಬೇಕು. ಇನ್ನೊಬ್ಬರ ಕೈ ಬೇಕು.

ತಂಗಿಯ ಭುಜ 36 ಸೆಂಟಿಮೀಟರ್, ಎದೆ 86, ನಡು 74, ನಿತಂಬ 102. ಅಂಗಡಿಯ ಪಟ್ಟಿಯಲ್ಲಿ 'ಎಮ್' ಸಾಲಿಗೆ ಭುಜ 36, ಎದೆ 88, ನಿತಂಬ 94 ಎಂದಿತ್ತು. 'ಎಲ್' ಸಾಲಿನ ನಿತಂಬ 100; ಅದೂ ಸಾಲದು. 'ಎಕ್ಸ್‌ಎಲ್' ಸಾಲಿನಲ್ಲಿ ನಿತಂಬ 106, ಆದರೆ ಭುಜ 39, ಎದೆ 100. ಎಂದರೆ ಭುಜ ಒಂದು ಸಾಲಿನಲ್ಲಿ, ನಿತಂಬ ಅದಕ್ಕಿಂತ ಎರಡು ಸಾಲು ಕೆಳಗೆ.

ಇದು ಅಪರೂಪದ ಮೈಕಟ್ಟೆ? ಪಟ್ಟಿಯ ಪ್ರತಿಯೊಂದು ಸಾಲೂ ಒಂದು ಊಹೆಯನ್ನು ಮಾಡುತ್ತದೆ: ಭುಜ ಇಷ್ಟಿದ್ದರೆ ನಿತಂಬ ಇಷ್ಟೇ ಇರುತ್ತದೆ ಎಂದು. ಆದರೆ ಭುಜದ ಅಗಲವನ್ನು ನಿರ್ಣಯಿಸುವುದು ಮುಖ್ಯವಾಗಿ ಕೊರಳೆಲುಬಿನ ಉದ್ದ. ಆ ಎಲುಬು ಬೆಳೆದು ನಿಂತ ಮೇಲೆ ಮೈ ತೂಕ ಏರಿದರೂ ಇಳಿದರೂ ಅದು ಬದಲಾಗದು. ನಿತಂಬದ ಸುತ್ತಳತೆಯಾದರೋ ಎಲುಬು, ಸ್ನಾಯು, ಕೊಬ್ಬು ಮೂರೂ ಕೂಡಿ ಆದದ್ದು. ಕಾರಣಗಳು ಬೇರೆಯಾದಾಗ ಫಲಗಳು ಜೊತೆಜೊತೆಯಾಗಿಯೇ ಸಾಗಬೇಕೆಂಬ ನಿಯಮವೆಲ್ಲಿದೆ?

ಇಂಥ ಊಹೆಯನ್ನು ಒಮ್ಮೆ ಲೆಕ್ಕದಿಂದಲೇ ಪರೀಕ್ಷಿಸಿದ್ದುಂಟು. ಅಮೆರಿಕದ ವಾಯುಸೇನೆಯು 1950ರಲ್ಲಿ ತನ್ನ 4,000ಕ್ಕೂ ಹೆಚ್ಚು ವಿಮಾನಚಾಲಕರನ್ನು ಅಳೆಯಿಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕರು ಹತ್ತು ಅಳತೆಗಳನ್ನು ಆರಿಸಿ, ಒಂದೊಂದರಲ್ಲೂ ನಡುವಣ ಶೇಕಡ 30 ಮಂದಿಯನ್ನು 'ಸರಾಸರಿಯವರು' ಎಂದು ಎಣಿಸಿದರು. ಹತ್ತರಲ್ಲೂ ಸರಾಸರಿಯವನಾದ ಚಾಲಕ ಒಬ್ಬನೂ ಸಿಗಲಿಲ್ಲ. ಕತ್ತು, ತೊಡೆ, ಮಣಿಕಟ್ಟುಗಳ ಸುತ್ತಳತೆ ಮೂರನ್ನೇ ತೆಗೆದುಕೊಂಡರೂ ಶೇಕಡ 3.5ಕ್ಕಿಂತ ಕಡಮೆ ಮಂದಿ ಸಿಕ್ಕರು. ಇಲ್ಲಿ ಓದುಗರು ಪೆನ್ಸಿಲು ಹಿಡಿಯಬಹುದು. ಮೂರು ಅಳತೆಗಳೂ ಪೂರ್ಣವಾಗಿ ಒಂದನ್ನೊಂದು ಅನುಸರಿಸುತ್ತಿದ್ದರೆ ಉತ್ತರ ಶೇಕಡ 30 ಬರಬೇಕಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 0.3ನ್ನು ಮೂರು ಸಲ ಗುಣಿಸಿ 0.027, ಅಂದರೆ ಶೇಕಡ 2.7. ದೊರೆತ ಉತ್ತರ ಯಾವುದರ ಮಗ್ಗುಲಲ್ಲಿದೆ ಎಂಬುದನ್ನು ನೋಡಿರಿ! ಅಳೆದವರೆಲ್ಲ ಒಂದೇ ಕಸುಬಿನ, ಆಯ್ದು ತೆಗೆದ ಮೈಕಟ್ಟಿನ ಜನವೆಂಬುದನ್ನೂ ಮರೆಯಬಾರದು.

ಹಾಗಾದರೆ ಎರಡು ಸಾಲುಗಳಿಗೆ ಬಿದ್ದವರು ಎರಡು ಸಾಲುಗಳಿಂದ ಕೊಳ್ಳುವುದೇ ಸರಿ. ಮೇಲುಡುಪನ್ನು ಭುಜ ಮತ್ತು ಎದೆಗಳಿಂದ, ಕೆಳಉಡುಪನ್ನು ನಿತಂಬದಿಂದ ಆರಿಸಬೇಕು. ಏಕೆಂದರೆ ಅಂಗಿಯ ಭಾರವೆಲ್ಲ ನೇತುಬೀಳುವುದು ಭುಜದಿಂದ. ತೋಳು ಭುಜದ ಕೀಲಿನ ಸುತ್ತ ತಿರುಗುತ್ತದೆ. ತೋಳಿನ ಹೊಲಿಗೆ ಆ ತಿರುಗುಬಿಂದುವಿನ ಹತ್ತಿರವಿದ್ದಷ್ಟೂ ಕೈ ಎತ್ತಿದಾಗ ಬಟ್ಟೆ ಕಡಮೆ ಚಲಿಸುತ್ತದೆ. 39ರ ಭುಜದ ಕುರ್ತಾವನ್ನು 36ರ ಭುಜಕ್ಕೆ ತೊಡಿಸಿದರೆ ಹೊಲಿಗೆ ಎರಡೂ ಕಡೆ ಒಂದೂವರೆ ಸೆಂಟಿಮೀಟರ್ ಹೊರಕ್ಕೆ ಜಾರುತ್ತದೆ, ಕಂಕುಳೂ ಕೆಳಗಿಳಿಯುತ್ತದೆ. ಆಗ ಕಪ್ಪುಹಲಗೆಯ ಮೇಲ್ಭಾಗಕ್ಕೆ ಕೈ ಚಾಚಿದರೆ ಪಕ್ಕದ ಬಟ್ಟೆಯೆಲ್ಲ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕಂಕುಳ ಬಳಿ ಲಂಬವಾದ ಮಡಿಕೆಗಳು ಕಂಡರೆ ಭುಜ ದೊಡ್ಡದಾಗಿದೆ ಎಂದು ತಿಳಿಯಿರಿ. ಇದನ್ನು ತಿದ್ದಲು ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ದರ್ಜಿಗಳು ಒಲ್ಲದ ಮನಸ್ಸಿನಿಂದ ಒಪ್ಪುವ ಕೆಲಸವದು.

ಪ್ಯಾಂಟಿನ ವಿಷಯ ಬೇರೆ. ದೊಡ್ಡದನ್ನು ಹಿಡಿಯುವುದು ಸುಲಭ. ಚಿಕ್ಕದನ್ನು ಬಿಡುವುದಾದರೆ ಹೊಲಿಗೆಯ ಒಳಗೆ ಉಳಿಸಿರುವ ಬಟ್ಟೆ ಎಷ್ಟಿದೆಯೋ ಅಷ್ಟೇ. ಅದೂ ಸಿದ್ಧ ಉಡುಪುಗಳಲ್ಲಿ ಬಹು ಸ್ವಲ್ಪ. ಕುಳಿತಾಗ ನಿತಂಬದ ಸುತ್ತಳತೆ ಕೆಲವು ಸೆಂಟಿಮೀಟರ್ ಹೆಚ್ಚುತ್ತದೆಂಬುದನ್ನೂ ನೆನೆಯಬೇಕು. ಆದುದರಿಂದ ತೊಟ್ಟು ನೋಡುವಾಗ ಕುಳಿತು ನೋಡುವುದು ಅವಶ್ಯ. ಎಕ್ಸ್‌ಎಲ್ ಪ್ಯಾಂಟಿನ ನಡು 84. ತಂಗಿಗೆ 10 ಹೆಚ್ಚು. ಲಾಡಿಯೋ ಇಲಾಸ್ಟಿಕ್ಕೋ ಇದ್ದರೆ ಅದು ತೊಂದರೆಯೇ ಅಲ್ಲ. ಪಟ್ಟಿ ಹೊಲಿದ ಪ್ಯಾಂಟಾದರೆ 10 ಸೆಂಟಿಮೀಟರನ್ನೂ ಹಿಂದಿನ ಒಂದೇ ಹೊಲಿಗೆಯಲ್ಲಿ ಹಿಡಿಸಬಾರದು, ಹಿಂಜೇಬುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದುಬಿಡುತ್ತವೆ. ಪಕ್ಕದ ಹೊಲಿಗೆಗಳಿಗೂ ಹಂಚಬೇಕು.

ಒಂದು ತೊಡಕು ಉಳಿಯಿತು. ಕುರ್ತಾ ನಿತಂಬದ ಕೆಳಗೂ ಇಳಿಯುವ ಉಡುಪಲ್ಲವೆ? ನಾವು ಎಮ್ ಕುರ್ತಾವನ್ನೇ ಮೇಜಿನ ಮೇಲೆ ಹರಡಿ ಅಳೆದೆವು. ನಿತಂಬದ ಮಟ್ಟದಲ್ಲಿ ಅದರ ಸುತ್ತಳತೆ 102. ಪಟ್ಟಿಯ 94 ಮೈಯ ಅಳತೆ; ಮೇಲಿನ 8 ಸೆಂಟಿಮೀಟರ್ ಅಲುಗಾಡಲು ಬಿಟ್ಟ ಸಡಿಲ. ಕೆಲವು ಪಟ್ಟಿಗಳು ಮೈಯ ಅಳತೆಯನ್ನೂ ಕೆಲವು ಬಟ್ಟೆಯ ಅಳತೆಯನ್ನೂ ಕೊಡುವುದರಿಂದ ಇದನ್ನು ವಿಚಾರಿಸಿ ತಿಳಿಯಬೇಕು. 102ರ ಮೈಗೆ 102ರ ಬಟ್ಟೆ ಎಂದರೆ ಸಡಿಲ ಸೊನ್ನೆ. ಆದರೆ ಕುರ್ತಾದ ಇಕ್ಕೆಲದ ಸೀಳು ನಿತಂಬಕ್ಕಿಂತ ಮೇಲೆಯೇ ಆರಂಭವಾಗಿತ್ತು. ಸೀಳು ಶುರುವಾಗುವ ಮಟ್ಟದಲ್ಲಿ ತಂಗಿಯ ಸುತ್ತಳತೆ 95, ಬಟ್ಟೆಯದು 100. ಅಲ್ಲಿಂದ ಕೆಳಗೆ ಬಟ್ಟೆ ಬಿಚ್ಚಿಕೊಳ್ಳುವುದರಿಂದ 5 ಸೆಂಟಿಮೀಟರ್ ಸಡಿಲ ಸಾಕು. ಸೀಳು ನಿತಂಬದ ಕೆಳಗೆ ಆರಂಭವಾಗುವಂಥ ಕುರ್ತಾ ಆಗಿದ್ದರೆ ಅದು ಮೇಲಕ್ಕೇರಿ ನಡುವಿನಲ್ಲಿ ಅಡ್ಡ ಸುಕ್ಕುಗಳಾಗಿ ನಿಲ್ಲುತ್ತಿತ್ತು; ಅಂಥವರು ನಡುವಿನಿಂದಲೇ ಅಗಲವಾಗುತ್ತ ಹೋಗುವ ಕುರ್ತಾವನ್ನು ಹುಡುಕುವುದೊಳಿತು.

ಮರುದಿನ ಅಂಗಡಿಗೆ ಹೋಗಿ ಎಮ್ ಕುರ್ತಾ, ಎಕ್ಸ್‌ಎಲ್ ಪ್ಯಾಂಟು ಕೇಳಿದೆವು. "ಜೋಡಿ ಒಡೆಯುವುದಿಲ್ಲ, ಸಾರ್" ಎಂದರು ಯಜಮಾನರು. ಅವರ ಕಷ್ಟವೂ ನಿಜವೇ. ಉಳಿದ ಎಕ್ಸ್‌ಎಲ್ ಕುರ್ತಾ ಮತ್ತು ಎಮ್ ಪ್ಯಾಂಟಿಗೆ, ಅಗಲ ಭುಜದ ಸಣ್ಣ ನಿತಂಬದ ಗಿರಾಕಿಯೇ ಬರಬೇಕು. ನಾಲ್ಕು ಅಳತೆಯ ಜೋಡಿಗಳನ್ನು ಬಿಡಿಬಿಡಿಯಾಗಿ ಮಾರಿದರೆ ಅದೇ ಬಟ್ಟೆಗಳಿಂದ 16 ಬಗೆಯ ಮೈಗಳಿಗೆ ಹೊಂದಿಸಬಹುದೆಂದು ನಾವು ವಾದಿಸಿದೆವು; ಅವರು ನಕ್ಕರು, ಕೊಡಲಿಲ್ಲ. ಬಿಡಿಯಾಗಿ ಮಾರುವ ಇನ್ನೊಂದು ಅಂಗಡಿಯಲ್ಲಿ ಎರಡೂ ಸಿಕ್ಕವು. ಅಲ್ಲಿ ದೀಪದ ಕೆಳಗೆ ಒಂದೇ ಬಣ್ಣವಾಗಿ ಕಂಡ ಕುರ್ತಾ ಪ್ಯಾಂಟುಗಳನ್ನು ಬಾಗಿಲಾಚೆ ಬಿಸಿಲಿಗೆ ಒಯ್ದರೆ ಒಂದು ನಸು ಹಸುರು, ಇನ್ನೊಂದು ನಸು ನೀಲಿ! ಬೇರೆ ಬೇರೆ ಸಲ ಬಣ್ಣ ಹಾಕಿದ ಬಟ್ಟೆಗಳು ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು. ತಂಗಿ ಬಿಳಿಯ ಪ್ಯಾಂಟನ್ನು ಆರಿಸಿಕೊಂಡಳು.