ಒಂದು ಧಾಟಿ, ಮೂರು ದನಿ

ಜನಪದ ಹಾಡನ್ನು ಶಾಲೆಯ ಮಕ್ಕಳ ಮೇಳಕ್ಕೆ ಮೂರು ದನಿಗಳಲ್ಲಿ ಹೊಂದಿಸುವುದೆಂದರೆ, ಒಂದೇ ಹೊತ್ತಿಗೆ ಮೂರು ಗುಂಪುಗಳು ಮೂರು ಬೇರೆ ಸ್ವರಸಾಲುಗಳನ್ನು ಹಾಡುವಂತೆ ಬರೆಯುವುದು. ಹಾಡಿನ ಮೂಲ ಧಾಟಿ ಒಂದು ಗುಂಪಿನದು. ಉಳಿದ ಎರಡು ಸಾಲುಗಳನ್ನು ಹೊಸದಾಗಿ ಕಟ್ಟಬೇಕು. ಕನ್ನಡ ಜನಪದದಲ್ಲಿ ಮುಮ್ಮೇಳ, ಹಿಮ್ಮೇಳಗಳು ಉಂಟು. ಆದರೆ ಒಬ್ಬರು ಹಾಡಿದ್ದನ್ನೇ ಉಳಿದವರು ಎತ್ತಿಕೊಳ್ಳುವುದು ಅಲ್ಲಿನ ಕ್ರಮ. ಒಟ್ಟೊಟ್ಟಿಗೆ ಬೇರೆ ಸ್ವರ ಹಿಡಿಯುವ ಪದ್ಧತಿ ಪಾಶ್ಚಾತ್ಯ ಮೇಳಗಾನದಿಂದ ಬಂದದ್ದು. ಹಾಗಾಗಿ ಹೊಸ ಸಾಲುಗಳು ಧಾಟಿಯ ಗುಣವನ್ನು ಕೆಡಿಸದಂತೆ ನೋಡಿಕೊಳ್ಳುವುದೇ ಈ ಕೆಲಸದ ಹೆಚ್ಚಿನ ಪಾಲು.

ಧಾಟಿಯಲ್ಲಿ ಯಾವ ಸ್ವರಗಳಿವೆ, ಅತಿ ಕೆಳಗಿನದು ಯಾವುದು, ಅತಿ ಮೇಲಿನದು ಯಾವುದು ಎಂದು ಮೊದಲು ಗುರುತು ಮಾಡಿಕೊಳ್ಳಬೇಕು. ಕೋಲಾಟಕ್ಕೆ ಒಪ್ಪುವಂಥ, ಮೂರು ಮೂರು ಎಣಿಕೆಯ ನಡೆಯ ಒಂದು ಧಾಟಿ ಇದೆ ಎನ್ನೋಣ. ಅದರಲ್ಲಿ ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು, ಮೋಹನ ರಾಗದಲ್ಲಿ ಇರುವಂತೆ. ಕೆಳಗೆ ಮಂದ್ರ ಪಂಚಮದವರೆಗೆ ಇಳಿಯುತ್ತದೆ, ಮೇಲೆ ಮಧ್ಯಸ್ಥಾಯಿಯ ಧೈವತದವರೆಗೆ ಏರುತ್ತದೆ.

ಶ್ರುತಿ ಆರಿಸುವುದು ಇಲ್ಲಿಯೇ. ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಹಾರ್ಮೋನಿಯಂನ ನಡುಸ್ಥಾಯಿಯ ಬಿಳಿ ಒಂದರಿಂದ ಅದರ ಮೇಲಿನ ಸ್ಥಾಯಿಯ ಬಿಳಿ ಎರಡರವರೆಗೆ ಹಾಡುವುದು ಸಲೀಸು. ಬಿಳಿ ಒಂದನ್ನೇ ಷಡ್ಜ ಮಾಡಿಕೊಂಡರೆ ಮಂದ್ರ ಪಂಚಮ ಈ ಮಿತಿಯ ಕೆಳಗೆ ಹೋಗುತ್ತದೆ. ಅಲ್ಲಿ ಮಕ್ಕಳ ದನಿ ಬರಿಯ ಉಸಿರಾಗಿ ಮಾತು ಕೇಳಿಸುವುದಿಲ್ಲ. ಬಿಳಿ ಆರನ್ನು ಹಿಡಿದರೆ ಧೈವತದಲ್ಲಿ ಹಾಡು ಕೂಗಾಗುತ್ತದೆ. ಬಿಳಿ ನಾಲ್ಕನ್ನು ಷಡ್ಜ ಮಾಡಿದಾಗ ಮಂದ್ರ ಪಂಚಮ ಬಿಳಿ ಒಂದರ ಮೇಲೆ, ಧೈವತ ಮೇಲಿನ ಬಿಳಿ ಎರಡರ ಮೇಲೆ ಕೂರುತ್ತದೆ. ಇಡೀ ಧಾಟಿ ಸಲೀಸಾದ ಜಾಗದೊಳಗೇ ಉಳಿಯುತ್ತದೆ. ಹೇಳಿಕೊಡುವವರು ತಮ್ಮ ಗಂಟಲಿಗೆ ಒಗ್ಗಿದ ಶ್ರುತಿಯಲ್ಲೇ ಮಕ್ಕಳಿಂದಲೂ ಹಾಡಿಸುವುದು ತುಂಬ ಸಾಮಾನ್ಯವಾದ ತಪ್ಪು.

ಧಾಟಿಯ ಒಂದು ಸಾಲು ಹೀಗಿರಲಿ:

ಗ ಗ ಪ | ಧ ಪ ಗ | ರಿ ರಿ ಗ | ಸ – –

ಇದನ್ನು ಮೇಲ್ದನಿಗೆ ಕೊಡುವುದು ಸುಲಭದ ದಾರಿ, ಏಕೆಂದರೆ ಕೇಳುವವರ ಕಿವಿ ಮೇಲಿನ ಸಾಲನ್ನೇ ಹಾಡೆಂದು ಹಿಡಿಯುತ್ತದೆ. ನಡುದನಿಗೆ ಸ್ವರ ಹುಡುಕುವಾಗ ಧಾಟಿಯ ಐದು ಸ್ವರಗಳಲ್ಲೇ ಒಂದನ್ನು ಬಿಟ್ಟು ಕೆಳಗಿನದನ್ನು ತೆಗೆದುಕೊಳ್ಳುವುದು ಒಳ್ಳೆಯ ಆರಂಭ: ಗಾಂಧಾರದ ಕೆಳಗೆ ಷಡ್ಜ, ಪಂಚಮದ ಕೆಳಗೆ ರಿಷಭ. ರಿಷಭ ಅಲ್ಲಿ ಬರಿದೆನಿಸಿದರೆ ಪಂಚಮಕ್ಕೆ ಪಕ್ಕದ ಗಾಂಧಾರವೂ ಒಪ್ಪುತ್ತದೆ. ಧಾಟಿಯಲ್ಲಿ ಇಲ್ಲದ ಮಧ್ಯಮ, ನಿಷಾದಗಳನ್ನು ತರಬಾರದು. ಕೊನೆಯ ಷಡ್ಜಕ್ಕೆ ಮುಂಚೆ ನಡುದನಿಯಲ್ಲಿ ಒಂದು ಕಾಕಲಿ ನಿಷಾದ ಬಂದರೆ ಸಾಕು, ಕೋಲಾಟದ ಹಾಡು ಇಗರ್ಜಿಯ ಸ್ತುತಿಗೀತೆಯ ಹಾಗೆ ಮುಗಿಯುತ್ತದೆ. ಹಂಗೇರಿಯ ಜೋಲ್ತಾನ್ ಕೊದಾಯಿ ಮಕ್ಕಳ ಕಲಿಕೆಯನ್ನು ಐದು ಸ್ವರಗಳ ಜನಪದ ಧಾಟಿಗಳಿಂದಲೇ ಕಟ್ಟಿದರು. ಅರ್ಧಸ್ವರದ ಅಂತರ ಅವುಗಳಲ್ಲಿ ಇಲ್ಲದ್ದರಿಂದ ಮಕ್ಕಳ ಶ್ರುತಿ ಜಾರುವುದು ಕಡಿಮೆ, ಎರಡು ಸಾಲುಗಳು ಕೂಡಿದಾಗ ಕಿವಿಗೆ ಒರಟಾಗುವ ಜಾಗಗಳೂ ಕಡಿಮೆ.

ಹಾಗೆಂದು ಒಂದೇ ನಿಯಮವನ್ನು ಕೊನೆವರೆಗೆ ನಂಬುವಂತಿಲ್ಲ. ಮೇಲಿನ ಸಾಲಿನ ಮೂರನೇ ಭಾಗದಲ್ಲಿ ಧಾಟಿ ರಿಷಭಕ್ಕೆ ಬಂದಾಗ ನಿಯಮದ ಪ್ರಕಾರ ನಡುದನಿ ಮಂದ್ರ ಧೈವತಕ್ಕೆ ಇಳಿಯಬೇಕು. ಅದೇ ಹೊತ್ತಿಗೆ ಕೆಳದನಿ ಮಂದ್ರ ಪಂಚಮದಲ್ಲಿ ನಿಂತಿದ್ದರೆ ಪಕ್ಕಪಕ್ಕದ ಎರಡು ಸ್ವರಗಳು ತಗ್ಗಿನಲ್ಲಿ ಒಂದಕ್ಕೊಂದು ಉಜ್ಜಿ, ಮಾತು ಕಲಸಿಹೋಗುತ್ತದೆ. ನಡುದನಿಯೂ ಅಲ್ಲಿ ರಿಷಭವನ್ನೇ ಹಾಡಿ, ಆಮೇಲೆ ಷಡ್ಜಕ್ಕೆ ಇಳಿದರೆ ತೊಡಕು ತೀರುತ್ತದೆ. ತಿದ್ದಿದ ಮೇಲೆ ಮೂರು ಸಾಲುಗಳು ಹೀಗೆ ನಿಲ್ಲುತ್ತವೆ:

ಮೇಲ್ದನಿ: ಗ ಗ ಪ | ಧ ಪ ಗ | ರಿ ರಿ ಗ | ಸ – –
ನಡುದನಿ: ಸ ಸ ಗ | ಗ ಗ ಸ | ರಿ ರಿ ಸ | ಸ – –
ಕೆಳದನಿ: ಪ – – | ಸ – – | ಪ – – | ಸ – –

ಕೆಳದನಿಯ ಪಂಚಮಗಳೆಲ್ಲ ಮಂದ್ರದವು. ಇಲ್ಲಿ ಯಾವ ದನಿಯೂ ತನ್ನ ಕೆಳಗಿನ ದನಿಗಿಂತ ಕೆಳಕ್ಕೆ ಹೋಗುವುದಿಲ್ಲ, ಸಾಲಿನ ಕೊನೆಗೆ ಮೂರೂ ಷಡ್ಜದಲ್ಲಿ ಸೇರುತ್ತವೆ. ಈ ಸೇರುವಿಕೆಯನ್ನು ಬೇಕೆಂದೇ ಇಟ್ಟದ್ದು. ಅಲ್ಲೊಂದು ತುಂಬಿದ ಮೇಳಸ್ವರ ಇಡಬಹುದಿತ್ತು. ಆದರೆ ಒಂದೇ ಸ್ವರಕ್ಕೆ ಮರಳಿದಾಗ ದಾರಿ ತಪ್ಪಿದ ಗುಂಪು ತನ್ನ ಶ್ರುತಿಯನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಎಲ್ಲರೂ ಒಂದಾಗಿ ನಿಲ್ಲುವ ಆ ಗಟ್ಟಿತನ ಜನಪದಕ್ಕೂ ಹತ್ತಿರದ್ದು.

ಹಾಡಿನ ಜಾರು, ಕೊಂಕುಗಳು ಮೇಲ್ದನಿಗೆ ಮಾತ್ರ ಇರಲಿ. ಮೂರೂ ದನಿಗಳು ಜಾರತೊಡಗಿದರೆ ಯಾವ ಸ್ವರವೂ ನಿಲ್ಲುವುದಿಲ್ಲ. ಕೆಳದನಿಗೆ ಇಡೀ ಸಾಹಿತ್ಯ ಕೊಡಬೇಕಾಗಿಲ್ಲ. ಪಲ್ಲವಿಯ ಒಂದು ಪದವನ್ನೋ ಕೋಲಾಟದ ಒಂದು ಸೊಲ್ಲನ್ನೋ ಎಳೆದು ಹಾಡಿದರೆ ಸಾಕು.

ಮಕ್ಕಳನ್ನು ಹಂಚುವಾಗ ಎತ್ತರದ ಸ್ವರಗಳು ತಾವಾಗಿಯೇ ಎದ್ದು ಕೇಳಿಸುತ್ತವೆ ಎಂಬುದು ನೆನಪಿರಬೇಕು. ಮೂವತ್ತು ಮಕ್ಕಳಿದ್ದರೆ ಮೇಲ್ದನಿಗೆ ಎಂಟು ಒಂಬತ್ತು ಜನ ಸಾಕು, ಕೆಳದನಿಗೆ ಹನ್ನೆರಡು ಜನರಾದರೂ ಬೇಕು. ಚೆನ್ನಾಗಿ ಹಾಡುವವರನ್ನೆಲ್ಲ ಧಾಟಿಗೆ ನಿಲ್ಲಿಸಿ ಉಳಿದವರನ್ನು ಕೆಳಗೆ ತಳ್ಳುವ ರೂಢಿಯಿಂದ ಮೇಳ ಕುಸಿಯುತ್ತದೆ. ಶ್ರುತಿ ಗಟ್ಟಿಯಾಗಿರುವ ಇಬ್ಬರಾದರೂ ನಡುದನಿಯಲ್ಲಿ ಇರಲೇಬೇಕು, ಏಕೆಂದರೆ ಧಾಟಿಯ ಕಡೆಗೆ ಎಳೆತ ಹೆಚ್ಚಿರುವುದು ಅಲ್ಲಿಯೇ. ದನಿ ಒಡೆದ ಹುಡುಗರು ಕೆಳದನಿಯ ಸಾಲನ್ನು ಒಂದು ಸ್ಥಾಯಿ ಕೆಳಗೆ ಹಾಡಬಹುದು. ಒಡೆಯುತ್ತಿರುವ ದನಿಯವರಿಗೆ ಆ ಪಂಚಮ ಎಟುಕದಿದ್ದರೆ ಷಡ್ಜವಷ್ಟೇ ಸಾಕು; ಒತ್ತಾಯಿಸಿದರೆ ಗಂಟಲು ನೋಯುತ್ತದೆ.

ಕಲಿಸುವಾಗ ಮೊದಲು ಎಲ್ಲರಿಗೂ ಧಾಟಿ ಬಾಯಿಗೆ ಬರಬೇಕು, ಆಮೇಲೆ ಕೆಳದನಿ, ಕೊನೆಗೆ ನಡುದನಿ. ಹಾಡಿಸುವ ಕ್ರಮವೂ ಇದೇ ಆಗಬಹುದು: ಮೊದಲ ನುಡಿಯನ್ನು ಎಲ್ಲರೂ ಒಂದೇ ದನಿಯಲ್ಲಿ, ಎರಡನೆಯದಕ್ಕೆ ಕೆಳದನಿ ಕೂಡಿಸಿ, ಮೂರನೆಯದನ್ನು ಮೂರೂ ದನಿಗಳಲ್ಲಿ. ನಡುದನಿ ನಿಜಕ್ಕೂ ತನ್ನ ಸಾಲಿನಲ್ಲಿದೆಯೇ ಎಂದು ತಿಳಿಯಲು, ಹಾಡಿನ ಮಧ್ಯೆ ಕೈಸನ್ನೆಯಿಂದ ಮೇಲ್ದನಿಯನ್ನು ನಿಲ್ಲಿಸಿ ನೋಡಬೇಕು. ನಡುದನಿಯಿಂದ ಧಾಟಿಯೇ ಕೇಳಿಬಂದರೆ ಆ ಸಾಲು ಇನ್ನೂ ಕಲಿತಿಲ್ಲ ಎಂದರ್ಥ. ನುಡಿ ಮುಗಿದೊಡನೆ ಹಾರ್ಮೋನಿಯಂನಲ್ಲಿ ಷಡ್ಜ ಒತ್ತಿದರೆ ಶ್ರುತಿ ಇಳಿದಿದೆಯೇ ಎಂಬುದು ತಿಳಿಯುತ್ತದೆ. ಇಳಿದಿದ್ದರೆ, ಗಾಂಧಾರ, ಧೈವತಗಳನ್ನು ಮಕ್ಕಳು ತುಸು ಕಡಿಮೆ ಹಿಡಿಯುತ್ತಿದ್ದಾರೆಯೇ ಎಂದು ಮೊದಲು ಕೇಳಿ ನೋಡಬೇಕು.

ಪಕ್ಕವಾದ್ಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಾರ್ಮೋನಿಯಂನಲ್ಲಿ ಧಾಟಿಯನ್ನೇ ನುಡಿಸಿದರೆ ನಡುದನಿಯವರು ಅದರ ಹಿಂದೆ ಹೋಗುತ್ತಾರೆ. ಆದ್ದರಿಂದ ಷಡ್ಜ, ಪಂಚಮಗಳ ಶ್ರುತಿಯನ್ನು ಮಾತ್ರ ಮೆಲ್ಲಗೆ ಹಿಡಿಯಬೇಕು. ಷಡ್ಜಕ್ಕೆ ಶ್ರುತಿಮಾಡಿದ ಏಕತಾರಿ ಸಿಕ್ಕರೆ ಇನ್ನೂ ಒಳ್ಳೆಯದು, ಮೀಟಿನಲ್ಲಿ ಶ್ರುತಿಯೂ ಲಯವೂ ಒಟ್ಟಿಗೆ ಸಿಗುತ್ತವೆ. ಕೀಬೋರ್ಡಿನ ಸಿದ್ಧ ಹಿನ್ನೆಲೆ ಬಳಸಿದರೆ ದೂರವಿಟ್ಟ ಮಧ್ಯಮ, ನಿಷಾದಗಳೇ ಹಿಂಬಾಗಿಲಿನಿಂದ ಒಳಗೆ ಬರುತ್ತವೆ. ತಾಳಕ್ಕೆ ದಮ್ಮಡಿ, ಗೆಜ್ಜೆ ಅಥವಾ ಕೋಲಾಟದ ಕೋಲುಗಳೇ ಸಾಕು. ಪ್ರತಿ ಮೂರರ ಮೊದಲ ಎಣಿಕೆಗೆ ಒಂದು ಪೆಟ್ಟು. ಡೊಳ್ಳು, ತಮಟೆಗಳ ಸದ್ದಿಗೆ ಕೊಠಡಿಯೊಳಗೆ ಮಂದ್ರ ಪಂಚಮ ಪೂರ್ತಿ ಮುಚ್ಚಿಹೋಗುತ್ತದೆ. ಅವು ಬೇಕೇ ಬೇಕೆಂದರೆ ನುಡಿ ನುಡಿಯ ನಡುವಿನ ಬಿಡುವಿನಲ್ಲಿ ನುಡಿಸಿ, ದನಿ ಏಳುವ ಮುನ್ನ ನಿಲ್ಲಿಸಬೇಕು.