ಹರನ ಅಂಗಳ, ಹರಿಯ ಅಂಗಳ

ಮಧುಗಿರಿಯ ಏಕಶಿಲಾ ಬೆಟ್ಟದ ಬುಡದ ಊರಿನಲ್ಲಿ ವೆಂಕಟರಮಣಸ್ವಾಮಿಯ ದೇವಾಲಯವೂ ಮಲ್ಲೇಶ್ವರನ ದೇವಾಲಯವೂ ಅಕ್ಕಪಕ್ಕದಲ್ಲೇ ನಿಂತಿವೆ. ಎರಡೂ ದ್ರಾವಿಡ ಶೈಲಿಯ ದೊಡ್ಡ ಕಟ್ಟಡಗಳು. ಬಾಲ್ಯದಲ್ಲಿ ಪಟ್ಟನಾಯಕನಹಳ್ಳಿಯಿಂದ ಅಜ್ಜಿಯೊಡನೆ ಅಲ್ಲಿಗೆ ಹೋಗಿದ್ದೆ. ವೆಂಕಟರಮಣನನ್ನು ಪೂರ್ತಿ ಸುತ್ತಿಸಿದ ಅಜ್ಜಿ, ಮಲ್ಲೇಶ್ವರನ ಸುತ್ತಿನಲ್ಲಿ ಅಭಿಷೇಕದ ನೀರು ಹೊರಬೀಳುವ ಗೋಮುಖದ ಬಳಿ ನನ್ನ ಕೈಹಿಡಿದು ನಿಲ್ಲಿಸಿದರು. "ಅದನ್ನು ದಾಟಬಾರದು ಕಣಪ್ಪ, ಹಿಂದಕ್ಕೆ ತಿರುಗು" ಎಂದರು. ಏಕೆಂದು ಕೇಳಿದೆ. "ಹಿರಿಯರು ಮಾಡಿದ ಪದ್ಧತಿ" ಎಂಬುದಷ್ಟೇ ಉತ್ತರ. ಅಂದು ಸಿಗದ ಕಾರಣವನ್ನು ಇಂದು ವಿಚಾರಿಸೋಣ.

ಎರಡು ಗರ್ಭಗುಡಿಗಳಲ್ಲಿರುವ ಪರದೈವದ ಕಲ್ಪನೆಯಿಂದಲೇ ಹೊರಡಬೇಕು. ಶೈವಾಗಮಗಳಿಗೆ ಶಿವನೇ ಪತಿ, ಜೀವರು ಪಶುಗಳು, ಅವರನ್ನು ಕಟ್ಟಿದ ಬಂಧನ ಪಾಶ. ಆ ಪತಿ ಮೂಲತಃ ರೂಪಾತೀತ. ಲಿಂಗಕ್ಕೆ ಮುಖವಿಲ್ಲ, ಕೈಕಾಲುಗಳಿಲ್ಲ. ಆದರೂ ಅದು ಕಣ್ಣಿಗೆ ಕಾಣುತ್ತದೆ. ರೂಪಕ್ಕೂ ಅರೂಪಕ್ಕೂ ನಡುವಣ ಈ ನೆಲೆಯನ್ನು ಶಾಸ್ತ್ರಕಾರರು ಸಕಲನಿಷ್ಕಲವೆಂದು ಕರೆದರು. ವೈಷ್ಣವರ ಪಾಂಚರಾತ್ರವಾದರೋ ನಾರಾಯಣನೇ ಪರದೈವವೆಂದು ಹೇಳಿ, ಅವನ ಐದು ನೆಲೆಗಳನ್ನು ಎಣಿಸುತ್ತದೆ: ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚೆ. ಕೊನೆಯದಾದ ಅರ್ಚೆಯೇ ಗುಡಿಯ ಮೂರ್ತಿ. ಭಕ್ತನಿಗೆ ಸುಲಭನಾಗಲೆಂದು ಭಗವಂತ ತಾನಾಗಿ ಒಪ್ಪಿಕೊಂಡ ಪೂರ್ಣ ಸಾನ್ನಿಧ್ಯವದು.

ಉಪಚಾರದ ಭೇದ ಇಲ್ಲಿಂದಲೇ ಹುಟ್ಟಿತು. ಮೂರ್ತಿಯಾಗಿ ಬಂದವನು ಅರಸನಂತೆ. ಅವನನ್ನು ಬೆಳಗ್ಗೆ ಎಬ್ಬಿಸಬೇಕು, ಉಡಿಸಬೇಕು, ಉಣಿಸಬೇಕು, ಇರುಳು ಮಲಗಿಸಬೇಕು. ಲಿಂಗಕ್ಕೆ ಮುಖ್ಯವಾದುದು ನೀರು. ಮೇಲೆ ತೂಗುವ ಧಾರಾಪಾತ್ರೆಯಿಂದ ಹನಿ ಬೀಳುತ್ತಲೇ ಇರುತ್ತದೆ. ಆದುದರಿಂದಲೇ ವಿಷ್ಣು ಅಲಂಕಾರಪ್ರಿಯ, ಶಿವ ಅಭಿಷೇಕಪ್ರಿಯ ಎಂಬ ಮಾತು ಬಳಕೆಗೆ ಬಂತು. ಅಲ್ಲಿ ತುಳಸಿ, ಇಲ್ಲಿ ಬಿಲ್ವ. ಅಲ್ಲಿ ಎದುರಿಗೆ ಗರುಡ, ಇಲ್ಲಿ ನಂದಿ. ಭಕ್ತನ ಹಣೆಯಲ್ಲಿಯೂ ಈ ಗುರುತು ಮುಂದುವರಿಯುತ್ತದೆ: ವೈಷ್ಣವನಿಗೆ ಮೇಲ್ಮುಖವಾದ ಊರ್ಧ್ವಪುಂಡ್ರ, ಶೈವನಿಗೆ ಅಡ್ಡಲಾಗಿ ಭಸ್ಮದ ಮೂರು ಗೆರೆ.

ಈಗ ಅಜ್ಜಿಯ ಗೋಮುಖಕ್ಕೆ ಬರೋಣ. ಲಿಂಗವನ್ನು ತೊಳೆದ ನೀರು ಹರಿದುಹೋಗುವ ಹಾದಿಗೆ ಸೋಮಸೂತ್ರವೆಂದು ಹೆಸರು. ಪೂರ್ವಾಭಿಮುಖವಾದ ಗುಡಿಯಲ್ಲಿ ಇದು ಉತ್ತರದ ಗೋಡೆಯಿಂದ ಹೊರಬೀಳುತ್ತದೆ. ಆ ನೀರು ಶಿವನಿಗೆ ಸಂದ ನಿರ್ಮಾಲ್ಯ. ಅದನ್ನು ತುಳಿಯುವುದಾಗಲಿ ದಾಟುವುದಾಗಲಿ ಸಲ್ಲದು. ಆದುದರಿಂದ ಭಕ್ತನು ನಂದಿಯ ಬಳಿಯಿಂದ ಬಲಸುತ್ತಾಗಿ ಗೋಮುಖದವರೆಗೆ ಹೋಗಿ, ಬಂದ ದಾರಿಯಲ್ಲೇ ಮರಳಿ, ಇನ್ನೊಂದು ಬದಿಯಿಂದ ಅದೇ ಗೋಮುಖವನ್ನು ತಲಪಿ ಹಿಂದಿರುಗುತ್ತಾನೆ. ನೀರಿನ ಹಾದಿಯನ್ನು ಕಲ್ಲಿನಿಂದಲೋ ಹುಲ್ಲಿನಿಂದಲೋ ಮುಚ್ಚಿದ್ದರೆ ದಾಟಬಹುದೆಂಬ ವಿನಾಯಿತಿಯೂ ಉಂಟು. ಕೆಲವು ಶಿವಾಲಯಗಳಲ್ಲಿ ಜನ ಪೂರ್ಣ ಸುತ್ತು ಬರುವುದನ್ನು ಕಂಡು ತಪ್ಪೆನ್ನುವ ಮೊದಲು ಆ ಹಾದಿ ತೆರೆದಿದೆಯೇ ಎಂದು ನೋಡಬೇಕು.

ಪ್ರಸಾದದ ವಿಚಾರವೂ ಇದೇ ಎಳೆಯದು. ವಿಷ್ಣುವಿನ ಗುಡಿಯಲ್ಲಿ ತೀರ್ಥ, ತುಳಸಿ ಕೈಗೆ ಬರುತ್ತವೆ. ಶ್ರೀವೈಷ್ಣವ ಸನ್ನಿಧಿಯಾದರೆ ಭಗವಂತನ ಪಾದಗಳೆಂದು ಭಾವಿಸುವ ಶಠಾರಿ ತಲೆಯ ಮೇಲೆ ಇಳಿಯುತ್ತದೆ. ಅರಸನ ಉಡುಗೊರೆಯನ್ನು ಬಿಡುವಂತಿಲ್ಲ. ಶೈವಾಗಮದಲ್ಲಿ ಲಿಂಗದ ಮೇಲೆ ಇಟ್ಟದ್ದು ಚಂಡೇಶ್ವರನ ಪಾಲು. ಭಕ್ತನಿಗೆ ದೊರೆಯುವುದು ಮುಖ್ಯವಾಗಿ ವಿಭೂತಿ. ಆದರೆ ಇದನ್ನೇ ಶೈವರೆಲ್ಲರ ನಿಯಮವೆಂದು ಹೇಳಿದರೆ ತಪ್ಪಾದೀತು. ನಮ್ಮ ನಾಡಿನ ವೀರಶೈವರಲ್ಲಿ ಲಿಂಗ ಅಂಗೈಯಲ್ಲೇ ಇದೆ; ಪಾದೋದಕ, ಪ್ರಸಾದಗಳು ಅವರ ಅಷ್ಟಾವರಣದಲ್ಲೇ ಸೇರಿವೆ. ದೇವರು ಗರ್ಭಗುಡಿಯಿಂದ ಅಂಗೈಗೆ ಬಂದಾಗ ಪ್ರಸಾದದ ನಿಯಮವೂ ಬದಲಾಯಿತು.

ಈ ಭೇದಗಳಿಂದ ಜಗಳಗಳೂ ಹುಟ್ಟಿವೆ, ಸಂಧಾನಗಳೂ ನಡೆದಿವೆ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಹರಿಹರದಲ್ಲಿ ಕಟ್ಟಿಸಿದ ಗುಡಿಯ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಗಮನಿಸಬೇಕಾದುದೆಂದರೆ, ಶಿಲ್ಪಿ ಎರಡನ್ನೂ ಕಲಸಿ ಗುರುತು ಅಳಿಸಲಿಲ್ಲ. ಎರಡು ಭಾಗಗಳೂ ತಮ್ಮ ತಮ್ಮ ಲಾಂಛನಗಳನ್ನು ಉಳಿಸಿಕೊಂಡೇ ಒಂದು ದೇಹವಾಗಿವೆ.

ಎಲ್ಲವೂ ಒಂದೇ ಎಂದು ಸಲೀಸಾಗಿ ಹೇಳುವವರೂ, ನಮ್ಮದೇ ಮೇಲು ಎಂದು ಗದರುವವರೂ ಗೋಮುಖದ ಬಳಿ ನಿಂತು ಯೋಚಿಸುವುದಿಲ್ಲ. ನನ್ನ ಅಜ್ಜಿಗೆ ಆಗಮದ ಹೆಸರೂ ತಿಳಿದಿರಲಿಲ್ಲ. ಆದರೂ ಒಂದೇ ಬೆಳಗಿನಲ್ಲಿ ಒಬ್ಬ ದೇವರನ್ನು ಪೂರ್ತಿ ಸುತ್ತಿ, ಇನ್ನೊಬ್ಬನೆದುರು ಅರ್ಧದಲ್ಲೇ ತಿರುಗಿ, ಇಬ್ಬರಿಗೂ ಅವರವರ ಮರ್ಯಾದೆಯನ್ನು ತಪ್ಪದೆ ಸಲ್ಲಿಸಿ ಮನೆಗೆ ಬಂದರು.